ಕಟವಾಯಿಯ ಬಿರುಕು

ಮೇಲ್ದುಟಿ ಕೆಳದುಟಿಗಳು ಕೂಡುವ ಮೂಲೆಗೆ ಕನ್ನಡದಲ್ಲಿ ಕಟವಾಯಿ ಎಂಬ ಹಳೆಯ ಮಾತಿದೆ. ಕವಿಗಳು ಅದನ್ನು ನೆನೆದದ್ದು ಹೆಚ್ಚಾಗಿ ನಗೆಯ ಸಂದರ್ಭದಲ್ಲಿ, ಇಲ್ಲವೇ ಸಾಯುತ್ತಿರುವವನ ಬಾಯಿಂದ ಇಳಿಯುವ ರಕ್ತದ ಸಂದರ್ಭದಲ್ಲಿ. ಆ ಎರಡರ ನಡುವೆ ಇನ್ನೊಂದು ಸಣ್ಣ ಸಂಗತಿಯಿದೆ. ಬಾಯಿ ತೆರೆದರೆ ಆ ಮೂಲೆ ಸೀಳುತ್ತದೆ, ಸಾರು ತಾಗಿದರೆ ಉರಿಯುತ್ತದೆ, ಬೆಳಿಗ್ಗೆ ಆಕಳಿಸಿದರೆ ಹಿಂದಿನ ದಿನ ಒಣಗಿದ್ದ ಹಕ್ಕಳೆ ಬಿರಿದು ಮತ್ತೆ ರಕ್ತ ಜಿನುಗುತ್ತದೆ. ಯಾರೂ ಇದರಿಂದ ಸಾಯುವುದಿಲ್ಲ. ಹಾಗಾಗಿ ಇದರ ಚರಿತ್ರೆಯನ್ನು ಯಾರೂ ಹೇಳುವುದೂ ಇಲ್ಲ. ಆದರೆ ದಕ್ಷಿಣ ಭಾರತದ ಬಡವರ ತಟ್ಟೆಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ವಿಜ್ಞಾನ ಓದಲು ಕಲಿತ ಜಾಗಗಳಲ್ಲಿ ಈ ಬಿರುಕೂ ಒಂದು.

ಚಳಿಗಾಲದಲ್ಲಿ ತುಟಿ ಒಡೆಯುವುದು ಬೇರೆ, ಕಟವಾಯಿ ಸೀಳುವುದು ಬೇರೆ. ಆದರೆ ಎರಡಕ್ಕೂ ನಂಟಿದೆ. ತುಟಿಯ ಚರ್ಮ ಬಹಳ ತೆಳು. ಮೈಯ ಉಳಿದ ಚರ್ಮಕ್ಕೆ ಎಣ್ಣೆ ಸವರುವಂಥ ಗ್ರಂಥಿಗಳು ತುಟಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೋಲಾರದ ಕಡೆಯ ಮಾಗಿಯ ಒಣಗಾಳಿಗೆ ತುಟಿ ಬಿಗಿದುಕೊಂಡಾಗ ನಾಲಿಗೆ ತನ್ನಷ್ಟಕ್ಕೆ ಹೊರಬಂದು ಸವರುತ್ತದೆ. ಅರೆಗಳಿಗೆ ಹಾಯೆನಿಸುತ್ತದೆ. ಆ ಎಂಜಲು ಆರುವಾಗ ತುಟಿಯಲ್ಲಿದ್ದ ತೇವವನ್ನೂ ಕೊಂಡೊಯ್ಯುತ್ತದೆ. ಜೊಲ್ಲಿನಲ್ಲಿ ಅನ್ನವನ್ನು ಕರಗಿಸುವ ಕಿಣ್ವಗಳಿವೆ, ಅವು ಚರ್ಮಕ್ಕೂ ಕಿರಿಕಿರಿಯನ್ನೇ ಮಾಡುತ್ತವೆ. ನೆಕ್ಕಿದಷ್ಟೂ ಒಣಗುತ್ತದೆ, ಒಣಗಿದಷ್ಟೂ ನೆಕ್ಕಬೇಕೆನಿಸುತ್ತದೆ. ತುಟಿಯ ನಡುಭಾಗದಲ್ಲಿ ಈ ಒದ್ದೆ ಬೇಗ ಆರುತ್ತದೆ. ಕಟವಾಯಿಯಲ್ಲಿ ಹಾಗಲ್ಲ, ಅಲ್ಲಿ ಚರ್ಮದ ಮಡಿಕೆಯಿದೆ. ಜೊಲ್ಲು ಅದರೊಳಗೆ ನಿಲ್ಲುತ್ತದೆ, ಚರ್ಮ ನೆನೆದು ಬೆಳ್ಳಗಾಗುತ್ತದೆ, ಬಹಳ ಹೊತ್ತು ನೀರಲ್ಲಿ ಕೈಯಿಟ್ಟವರ ಬೆರಳ ತುದಿಯ ಹಾಗೆ. ನೆನೆದ ಚರ್ಮ ಸುಲಭವಾಗಿ ಸೀಳುತ್ತದೆ. ಸೀಳಿದ ಜಾಗಕ್ಕೆ ಸೂಕ್ಷ್ಮಜೀವಿಗಳು ಬಂದು ಕೂರುತ್ತವೆ.

ಇಷ್ಟು ಇಂದು ನಮಗೆ ಗೊತ್ತು. ಆದರೆ ಇದರಲ್ಲಿ ಮೊದಲ ತಪ್ಪಿತಸ್ಥ ಯಾರು? ಜೊಲ್ಲೋ, ಜೀವಿಯೋ, ಚರ್ಮವನ್ನು ದುರ್ಬಲ ಮಾಡಿದ ಹಸಿವೋ? ವೈದ್ಯರು ಈ ಪ್ರಶ್ನೆಯೊಂದಿಗೆ ನೂರು ವರ್ಷ ಗುದ್ದಾಡಿದ್ದಾರೆ.

ಮೊದಲು ಆರೋಪ ಬಿದ್ದದ್ದು ಎಂಜಲಿನ ಮೇಲೆ. 1880ರ ದಶಕದಲ್ಲಿ ಫ್ರಾನ್ಸಿನ ಲಿಮೋಜ್ ಪಟ್ಟಣದ ಲೆಮೇತ್ರ್ ಎಂಬ ವೈದ್ಯರು ಶಾಲಾ ಮಕ್ಕಳ ಕಟವಾಯಿಗಳಲ್ಲಿ ಈ ಬಿರುಕು ಗುಂಪುಗುಂಪಾಗಿ ಕಾಣಿಸಿಕೊಳ್ಳುವುದನ್ನು ಗಮನಿಸಿದರು. ಆ ಸೀಮೆಯ ಜನ ಅದನ್ನು ಪೆರ್ಲೆಷ್ ಎನ್ನುತ್ತಿದ್ದರು. ಮತ್ತೆ ಮತ್ತೆ ನೆಕ್ಕುವುದು ಎಂಬರ್ಥದ ಮಾತಿನಿಂದ ಬಂದ ಹೆಸರು ಅದು. ಚರ್ಮವೈದ್ಯರು ಇಂದಿಗೂ ಅದನ್ನು ಬಳಸುತ್ತಾರೆ. ಸೂಕ್ಷ್ಮಜೀವಿಗಳ ಶೋಧ ಭರದಲ್ಲಿದ್ದ ಕಾಲವದು. ಮಕ್ಕಳು ಒಂದೇ ಪಾತ್ರೆಯಿಂದ ನೀರು ಕುಡಿಯುತ್ತಾರೆ, ರೋಗ ಹಾಗೆ ಹಬ್ಬುತ್ತದೆ ಎಂದು ಲೆಮೇತ್ರ್ ಬರೆದರು, ಒಂದು ಬ್ಯಾಕ್ಟೀರಿಯಾವನ್ನೂ ಹೆಸರಿಸಿದರು. ಎಂಜಲೆಂಬ ಕಲ್ಪನೆಯಲ್ಲೇ ಹುಟ್ಟಿ ಬೆಳೆದ ನಮಗೆ ಈ ವಾದ ಎಷ್ಟು ಸಲೀಸಾಗಿ ಒಪ್ಪಿಗೆಯಾಗುತ್ತದೆ ನೋಡಿ. ಲೋಟ ಎತ್ತಿ ಕುಡಿ, ಕಚ್ಚಿ ಕುಡಿಯಬೇಡ ಎಂಬ ಮಾತಿಗೆ ಫ್ರಾನ್ಸಿನಿಂದಲೇ ಸಮರ್ಥನೆ ಬಂದಂತಾಯಿತು. ತೊಂದರೆಯೆಂದರೆ, ಈ ವಾದದಲ್ಲಿ ಬಿರುಕು ಬಿಟ್ಟ ಬಾಯಿಯ ಮಗು ಕೊಳಕು ಮಗುವಾಗುತ್ತದೆ. ಅದನ್ನು ದೂರ ಕೂರಿಸಿದರೆ ಕೆಲಸ ಮುಗಿಯಿತು, ಅದರ ತಟ್ಟೆಯ ಕಡೆ ಯಾರೂ ನೋಡಬೇಕಾಗಿಲ್ಲ.

ತಟ್ಟೆಯ ಕಡೆ ನೋಡಿದವರು ನಮ್ಮ ಪಕ್ಕದವರೇ, ನೀಲಗಿರಿಯ ಕೂನೂರಿನವರು. ಅಲ್ಲಿಗೆ ಹೋಗುವ ಮುನ್ನ ಅವರು ನೋಡಿದ್ದು ಯಾರ ತಟ್ಟೆಯನ್ನು ಎಂದು ತಿಳಿಯಲು ಮಾರಿಕುಪ್ಪಂನಲ್ಲಿ ಸ್ವಲ್ಪ ನಿಲ್ಲಬೇಕು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳನ್ನು ಹಿಡಿದ ಮೇಲೆ, 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ರೈಲು ದಾರಿ ಗಣಿಗಳವರೆಗೆ ಬಂತು. ಅದು ಮುಗಿಯುವುದು ಮಾರಿಕುಪ್ಪಂನಲ್ಲಿ. ಇಲ್ಲಿ ದುಡಿದವರಲ್ಲಿ ಬಹುಪಾಲು ಜನ ಮದ್ರಾಸ್ ಪ್ರಾಂತ್ಯದವರು, ಉತ್ತರ ಆರ್ಕಾಟಿನ, ಚಿತ್ತೂರಿನ ಕಡೆಯ ತಮಿಳು ತೆಲುಗು ಜನ. ಅವರು ಉಳಿದುಕೊಂಡದ್ದು ಸಾಲುಮನೆಗಳಲ್ಲಿ. ಅವಕ್ಕೆ ಲೈನು ಎಂದು ಹೆಸರು. ಸುತ್ತಲಿನ ಹೊಲಗಳಲ್ಲಿ ಬೆಳೆಯುವುದು ರಾಗಿ, ಅವರೆ, ಹುರುಳಿ. ಆದರೆ ಕೂಲಿಯ ಕಾಸು ಕೈಗೆ ಬಂದ ಕಡೆಯೆಲ್ಲ ಅಂಗಡಿಯ ಬಿಳಿ ಅಕ್ಕಿ ಮರ್ಯಾದೆಯ ಊಟವಾಗುತ್ತ ಹೋಯಿತು. ಇದು ಕೆಜಿಎಫ್ ಒಂದರ ಕಥೆಯಲ್ಲ. ಯಂತ್ರದ ಅಕ್ಕಿ ಗಿರಣಿಗಳು ಬಂದ ಮೇಲೆ ಇಡೀ ಮದ್ರಾಸ್ ಪ್ರಾಂತ್ಯದ್ದು.

ಕೂನೂರಿನ ಪೌಷ್ಟಿಕತೆ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿದ ರಾಬರ್ಟ್ ಮೆಕ್‌ಕ್ಯಾರಿಸನ್ ಒಂದು ಪ್ರಯೋಗಕ್ಕೆ ಹೆಸರಾದವರು. ಭಾರತದ ಬೇರೆ ಬೇರೆ ಸೀಮೆಗಳ ಊಟವನ್ನು ಬೇರೆ ಬೇರೆ ಗುಂಪಿನ ಇಲಿಗಳಿಗೆ ತಿನ್ನಿಸಿ ನೋಡಿದರು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಸೊಪ್ಪು ತಿಂದ ಪಂಜಾಬಿನ ಗುಂಪು ದಷ್ಟಪುಷ್ಟವಾಗಿ ಬೆಳೆಯಿತು. ಅನ್ನವೇ ಹೆಚ್ಚಾಗಿದ್ದ ಮದ್ರಾಸಿನ ಗುಂಪು ಕೃಶವಾಗಿ ಹಿಂದುಳಿಯಿತು. 1935ರಲ್ಲಿ ಅವರ ಜಾಗಕ್ಕೆ ಡಬ್ಲ್ಯು. ಆರ್. ಐಕ್ರಾಯ್ಡ್ ಬಂದರು. ಲೀಗ್ ಆಫ್ ನೇಷನ್ಸಿನ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡಿದ್ದ ವೈದ್ಯ. ಇಲಿಗಳನ್ನು ಬಿಟ್ಟು ಮಕ್ಕಳ ಬಾಯೊಳಗೆ ನೋಡಿದ್ದು ಇವರು ಮತ್ತು ಇವರ ಸಹೋದ್ಯೋಗಿ ಬಿ. ಜಿ. ಕೃಷ್ಣನ್.

ದಕ್ಷಿಣ ಭಾರತದ ಬಡ ಮಕ್ಕಳಲ್ಲಿ ಕಟವಾಯಿ ಸೀಳು, ಕೆಂಪೇರಿ ನುಣುಪಾದ ಉರಿನಾಲಿಗೆ ಇವೆರಡೂ ಜೊತೆಜೊತೆಗೆ ಕಾಣುತ್ತಿದ್ದವು. ಇದು ಅಂಟುರೋಗವಾದರೆ ಊಟ ಬದಲಿಸಿ ವಾಸಿಯಾಗಬಾರದು. ಊಟದ ಕೊರತೆಯಾದರೆ ವಾಸಿಯಾಗಬೇಕು. ಪರೀಕ್ಷೆ ಇಷ್ಟು ಸರಳ. 1936ರಲ್ಲಿ ಅವರಿಬ್ಬರೂ ಭಾರತೀಯ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಮುಲಾಮಿಲ್ಲದೆ, ಲೋಟ ಬೇರೆ ಮಾಡದೆ, ಊಟಕ್ಕೆ ಪೂರಕವಾಗಿ ಕೊಟ್ಟದ್ದರಿಂದಲೇ ಹುಣ್ಣು ಮಾಯುತ್ತಿತ್ತು. ಕೊಟ್ಟವುಗಳಲ್ಲಿ ಮುಖ್ಯವಾದದ್ದು ಒಣ ಯೀಸ್ಟ್. ಅದೂ ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆಯಲ್ಲಿ ಚೆನ್ನಾಗಿ ಕಾಯಿಸಿದ್ದು. ಕಾಯಿಸಿದ್ದೇಕೆ ಎಂದರೆ ಅದರಲ್ಲೇ ಜಾಣತನವಿದೆ. ಆ ಕಾಲಕ್ಕೆ ಬಿ ಜೀವಸತ್ವವನ್ನು ಎರಡಾಗಿ ಒಡೆದಿದ್ದರು. ಬೆರಿಬೆರಿಯನ್ನು ತಡೆಯುವ ಬಿ1 ಅಷ್ಟು ಶಾಖಕ್ಕೆ ನಾಶವಾಗುತ್ತದೆ, ಬಿ2 ತಡೆದುಕೊಳ್ಳುತ್ತದೆ. ಕಾಯಿಸಿದ ಯೀಸ್ಟ್ ಹುಣ್ಣು ವಾಸಿ ಮಾಡಿತೆಂದರೆ ಕೆಲಸ ಮಾಡಿದ್ದು ಬಿ1 ಅಲ್ಲ. ಹಾಗಾಗಿ ತಮ್ಮ ಲೇಖನದ ಶೀರ್ಷಿಕೆಯಲ್ಲೇ ಅವರು ಇದನ್ನು ಬಿ2 ಕೊರತೆಯ ಬಾಯಿಹುಣ್ಣು ಎಂದು ಕರೆದರು.

ಆದರೆ ಅವರು ಬಿ2 ಎಂದದ್ದು ಒಂದೇ ವಸ್ತುವಲ್ಲ, ಶಾಖಕ್ಕೆ ಅಳಿಯದೆ ಉಳಿದ ಹಲವು ಜೀವಸತ್ವಗಳ ಮೂಟೆ ಎಂಬುದು ಆ ವರ್ಷಗಳಲ್ಲೇ ಹೊರಬೀಳುತ್ತಿತ್ತು. ಆ ಮೂಟೆಯಿಂದ ಹಳದಿ ಬಣ್ಣದ ರೈಬೋಫ್ಲೇವಿನ್ನನ್ನು 1933ರಲ್ಲಿ ಜರ್ಮನಿಯ ರಿಚರ್ಡ್ ಕುನ್ ಮತ್ತು ಸಂಗಡಿಗರು ಬೇರ್ಪಡಿಸಿದ್ದರು. ಸಾವಿರಾರು ಲೀಟರ್ ಹಾಲಿನಿಂದ ಒಂದು ಗ್ರಾಮಿನಷ್ಟು ಸಿಕ್ಕಿತ್ತು. ಹಾಲು ಒಡೆದಾಗ ಉಳಿಯುವ ತಿಳಿನೀರಿನ ಹಸಿರು ಮಿಶ್ರಿತ ಹಳದಿ ಬಣ್ಣ ಇದರದ್ದೇ. ಶುದ್ಧ ರೈಬೋಫ್ಲೇವಿನ್ ಕೈಗೆ ಬಂದ ಮೇಲೆ ಕೂನೂರಿನ ಊಹೆಯನ್ನು ಒರೆಗೆ ಹಚ್ಚುವುದು ಸಾಧ್ಯವಾಯಿತು. 1938ರಲ್ಲಿ ಅಮೆರಿಕದಲ್ಲಿ ಸೆಬ್ರೆಲ್ ಮತ್ತು ಬಟ್ಲರ್ 18 ಹೆಂಗಸರನ್ನು ರೈಬೋಫ್ಲೇವಿನ್ ಕಡಿಮೆಯಿರುವ ಊಟದ ಮೇಲಿಟ್ಟರು. ಅವರಲ್ಲಿ 10 ಮಂದಿಗೆ ಕಟವಾಯಿ ಬಿಳಚಿ, ನೆನೆದು, ಸೀಳಿತು. ಪೆಲ್ಲಾಗ್ರವನ್ನು ವಾಸಿ ಮಾಡುವ ನಿಕೋಟಿನಿಕ್ ಆಮ್ಲ ಕೊಟ್ಟರೆ ಅದು ಹೋಗಲಿಲ್ಲ, ರೈಬೋಫ್ಲೇವಿನ್ ಕೊಟ್ಟರೆ ಹೋಯಿತು. ಇಂದಿನ ನೀತಿಯ ಕಣ್ಣಿಗೆ ಇದು ಒರಟು ಪ್ರಯೋಗ. ಆದರೂ ವಾದವನ್ನು ಕಟ್ಟಿದ್ದು ಅದೇ. ಪಠ್ಯಪುಸ್ತಕಗಳು ಸೆಬ್ರೆಲ್ ಹೆಸರನ್ನು ಮೊದಲು ಹೇಳಿ ಕೂನೂರನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಅಷ್ಟು ಸರಿಯೆನಿಸುವುದಿಲ್ಲ. ಎರಡು ವರ್ಷ ಮುಂಚೆ, ಶುದ್ಧ ವಸ್ತುವಿಲ್ಲದೆ, ಒತ್ತಡದ ಪಾತ್ರೆಯೊಂದರ ಸಹಾಯದಿಂದ ಐಕ್ರಾಯ್ಡ್ ಮತ್ತು ಕೃಷ್ಣನ್ ಸರಿಯಾದ ಬೀದಿಗೆ ಬಂದಿದ್ದರು. ಮನೆಯ ನಂಬರು ಹೇಳಿದ್ದು ಸೆಬ್ರೆಲ್.

ಈಗ ಲೆಕ್ಕ ಹಾಕಿ ನೋಡೋಣ. ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಒಂದರಿಂದ ಒಂದೂವರೆ ಮಿಲಿಗ್ರಾಂ ರೈಬೋಫ್ಲೇವಿನ್ ಬೇಕು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನೂರು ಗ್ರಾಮಿಗೆ ಇರುವುದು ಸುಮಾರು 0.05 ಮಿಲಿಗ್ರಾಂ. ಮುನ್ನೂರು ಗ್ರಾಂ ಅಕ್ಕಿಯ ಅನ್ನ ಉಂಡರೂ ಸಿಗುವುದು 0.15. ಅಕ್ಕಿ ತೊಳೆದ ನೀರು, ಬಸಿದ ಗಂಜಿ ಚೆಲ್ಲಿದರೆ ಅದರಲ್ಲೂ ಒಂದಷ್ಟು ಹೋಯಿತು. ತಿಳಿಸಾರಿನಿಂದ ಹೆಚ್ಚು ಬರುವುದಿಲ್ಲ. ಅದೇ ಮುನ್ನೂರು ಗ್ರಾಂ ರಾಗಿಯಾದರೆ ಸುಮಾರು ಅರ್ಧ ಮಿಲಿಗ್ರಾಂ. ಮುದ್ದೆಯೊಂದರಿಂದಲೇ ಅಗತ್ಯ ಪೂರೈಸುವುದಿಲ್ಲ, ಆದರೆ ಅನ್ನದ ಮೂರು ಪಟ್ಟು ಸಿಕ್ಕಿತು. ಜೊತೆಗೆ ಹಿಡಿ ದಂಟಿನ ಸೊಪ್ಪಿನ ಬಸ್ಸಾರು, ಒಂದು ಲೋಟ ಹಾಲು ಅಥವಾ ಮಜ್ಜಿಗೆ, ಸಾಧ್ಯವಾದರೆ ಒಂದು ಮೊಟ್ಟೆ ಸೇರಿದರೆ ಒಂದು ಮಿಲಿಗ್ರಾಮಿನ ಗಡಿ ದಾಟುತ್ತದೆ. ಕೋಲಾರದ ರೈತನ ಮುದ್ದೆ ಸೊಪ್ಪಿನ ಸಾರನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಹಾಲು ಮಾರಿ ಅಕ್ಕಿ ಕೊಳ್ಳುವ ಮನೆಯಲ್ಲಿ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ತೋರಿಸಲು ಹೇಳಿದೆ. ರೈಬೋಫ್ಲೇವಿನ್ ಮೈಯಲ್ಲಿ ಹೆಚ್ಚು ದಿನ ಶೇಖರವಾಗುವುದಿಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹಳದಿಯಾಗಿ ಹೋಗಿಬಿಡುತ್ತದೆ. ಹಾಗಾಗಿ ಹಬ್ಬದ ದಿನದ ಪಾಯಸ ಮುಂದಿನ ತಿಂಗಳಿಗೆ ಕೂಡಿಬರುವುದಿಲ್ಲ.

ಹಾಲಿನ ಪುಡಿಯನ್ನು ಬಡ ಮಕ್ಕಳಿಗೆ ಕೊಟ್ಟರೆ ಏನಾಗುತ್ತದೆ ಎಂದು ಕೂನೂರಿನವರು 1937ರಲ್ಲಿ ನೋಡಿದರು. ಕೆನೆ ತೆಗೆದ ಹಾಲು ಕುಡಿದ ಮಕ್ಕಳು ಕುಡಿಯದವರಿಗಿಂತ ಎತ್ತರದಲ್ಲೂ ತೂಕದಲ್ಲೂ ಮುಂದೆ ಬಂದರು. ಕರ್ನಾಟಕ ಸರ್ಕಾರ ಕ್ಷೀರಭಾಗ್ಯ ಶುರುಮಾಡಿದ್ದು 2013ರ ಆಗಸ್ಟ್‌ನಲ್ಲಿ. 18 ಗ್ರಾಂ ಪುಡಿಯಿಂದ ಕಲಸಿದ 150 ಮಿಲಿಲೀಟರ್ ಹಾಲಿನಲ್ಲಿ 0.2 ಮಿಲಿಗ್ರಾಮಿನ ಆಸುಪಾಸು ರೈಬೋಫ್ಲೇವಿನ್ ಇರುತ್ತದೆ. ಮೇಲಿನ ಮಗು ದಿನವಿಡೀ ಉಣ್ಣುವ ಅನ್ನದಲ್ಲಿ ಇರುವುದಕ್ಕಿಂತ ಹೆಚ್ಚು.

ಕಥೆ ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ನಿಲ್ಲಲಿಲ್ಲ. ಕೂನೂರಿನ ಪ್ರಯೋಗಾಲಯ 1950ರ ದಶಕದ ಕೊನೆಗೆ ಹೈದರಾಬಾದಿಗೆ ಹೋಯಿತು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅಲ್ಲಿ ಮೆಹ್ತಾಬ್ ಬಾಮ್ಜಿ ಅವರೂ ಸಂಗಡಿಗರೂ ಬಾಯಿ ನೋಡುವುದರ ಜೊತೆಗೆ ರಕ್ತವನ್ನೂ ನೋಡಿದರು. ಕೆಂಪು ರಕ್ತಕಣದಲ್ಲಿರುವ ಒಂದು ಕಿಣ್ವ ಕೆಲಸ ಮಾಡಲು ರೈಬೋಫ್ಲೇವಿನ್ ಬೇಕು. ಪ್ರಯೋಗಶಾಲೆಯಲ್ಲಿ ಅದಕ್ಕೆ ರೈಬೋಫ್ಲೇವಿನ್ನಿನ ಸಕ್ರಿಯ ರೂಪವನ್ನು ಹನಿಸಿದಾಗ ಕಿಣ್ವ ಒಮ್ಮೆಲೇ ಚುರುಕಾದರೆ, ಅದು ಅಲ್ಲಿಯವರೆಗೆ ಹಸಿದಿತ್ತು ಎಂದರ್ಥ. ಈ ಅಳತೆಗೋಲು ಹಿಡಿದು 1970ರ ದಶಕದಲ್ಲಿ ಹಳ್ಳಿಯ ಶಾಲಾ ಹುಡುಗರನ್ನು ನೋಡಿದಾಗ ರಕ್ತ ಹೇಳುವುದಕ್ಕೂ ಬಾಯಿ ಹೇಳುವುದಕ್ಕೂ ತಾಳೆ ಸರಿಯಾಗಿ ಬೀಳಲಿಲ್ಲ. ರಕ್ತದಲ್ಲಿ ಕೊರತೆಯಿದ್ದ ಎಷ್ಟೋ ಹುಡುಗರ ಕಟವಾಯಿ ನೆಟ್ಟಗಿತ್ತು. ಸೀಳಿದ ಬಾಯಿಗಳೆಲ್ಲ ಬಿ ಜೀವಸತ್ವಗಳಿಂದ ವಾಸಿಯಾಗಲೂ ಇಲ್ಲ. ಅಂದರೆ ಕೊರತೆ ಚರ್ಮವನ್ನು ದುರ್ಬಲಗೊಳಿಸುತ್ತದೆ, ಸೀಳುವುದಕ್ಕೆ ಇನ್ನೊಂದು ಕೈ ಬೇಕು. ಹಾಗೆಯೇ ಆ ಇನ್ನೊಂದು ಕೈಗೆ ಸಾಕಷ್ಟು ಬಲವಿದ್ದರೆ ಕೊರತೆಯ ನೆರವಿಲ್ಲದೆಯೂ ಸೀಳಬಹುದು.

ಆ ಇನ್ನೊಂದು ಕೈ ಹೆಚ್ಚಾಗಿ ಕ್ಯಾಂಡಿಡಾದ್ದು. ಇಲ್ಲೊಂದು ತಮಾಷೆಯಿದೆ. ಕೂನೂರಿನಲ್ಲಿ ಹುಣ್ಣು ಮಾಯಿಸಿದ್ದು ಯೀಸ್ಟ್, ಈಗ ಹುಣ್ಣಿಗೆ ಕಾರಣವೆಂದು ಹಿಡಿದುತಂದ ಕ್ಯಾಂಡಿಡಾವೂ ಯೀಸ್ಟ್. ಮೊದಲನೆಯದು ಬ್ರೆಡ್ಡು ಉಬ್ಬಿಸುವ ಜಾತಿ, ಸತ್ತ ಮೇಲೆ ಬಿ ಜೀವಸತ್ವಗಳ ಉಗ್ರಾಣ. ಎರಡನೆಯದು ಸುಮಾರು ಅರ್ಧದಷ್ಟು ಆರೋಗ್ಯವಂತರ ಬಾಯಲ್ಲಿ ಸದ್ದಿಲ್ಲದೆ ಬದುಕಿರುವ ಜಾತಿ. ಬೆಚ್ಚಗಿನ ಒದ್ದೆ ಮಡಿಕೆ ಸಿಕ್ಕರೆ, ಅಥವಾ ಸಕ್ಕರೆ ಕಾಯಿಲೆ, ಆಂಟಿಬಯೋಟಿಕ್, ರಕ್ತಹೀನತೆಗಳಿಂದ ಮೈಯ ಕಾವಲು ಸಡಿಲವಾದರೆ ಅದು ಹಬ್ಬುತ್ತದೆ. ಅದರ ಜೊತೆಗೆ ಮೂಗಿನೊಳಗೆ ಮನೆಮಾಡಿಕೊಂಡಿರುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾವೂ ಬಂದು ಸೇರುವುದುಂಟು. ಲಿಮೋಜಿನ ಲೆಮೇತ್ರ್ ಪೂರ್ತಿ ತಪ್ಪಿರಲಿಲ್ಲ ಅನ್ನಬೇಕು. ಬರೀ ಲೋಟದ ಮೇಲೆ ಅಷ್ಟು ಭಾರ ಹೊರಿಸಬಾರದಿತ್ತು.

ಇದನ್ನೆಲ್ಲ ಇಂದಿನ ಮಾರಿಕುಪ್ಪಂನಲ್ಲೇ ಇಟ್ಟು ನೋಡಬಹುದು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಂದಿನಿಂದ ಊರಿನ ದುಡಿಯುವ ಜನ ಬೆಳಕು ಹರಿಯುವ ಮುನ್ನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಹಗಲು ಮನೆಯಲ್ಲಿ ಉಳಿಯುವವರು ಅಜ್ಜಂದಿರು ಮತ್ತು ಮಕ್ಕಳು. ಅಂಥ ಒಂದು ಮನೆಯ ಅಜ್ಜ ಮೊಮ್ಮಗಳನ್ನು ಊಹಿಸಿಕೊಳ್ಳಿ. ಇಬ್ಬರಿಗೂ ಕಟವಾಯಿ ಎರಡೂ ಕಡೆ ಸೀಳಿದೆ. ಇಬ್ಬರಿಗೂ ಔಷಧದ ಅಂಗಡಿಯಿಂದ ಅದೇ ಬಿ-ಕಾಂಪ್ಲೆಕ್ಸ್ ಮಾತ್ರೆ ಬಂದಿದೆ.

ಮೊಮ್ಮಗಳ ಊಟ ಮೂರು ಹೊತ್ತೂ ಅನ್ನ, ಹಾಲು ಟೀಗೆ ಮಾತ್ರ. ಅವಳ ನಾಲಿಗೆ ಚಾಚಿಸಿ ನೋಡಿದರೆ ಮೇಲಿನ ಒರಟುತನ ಸವೆದು ನೇರಳೆಗೆಂಪು ಬಂದಿದೆ, ಮೂಗಿನ ಪಕ್ಕದ ಮಡಿಕೆಯಲ್ಲಿ ಜಿಡ್ಡು ಹೊಟ್ಟಿದೆ. ಬಿರುಕು ಒಂಟಿಯಾಗಿ ಬಂದಿಲ್ಲ, ಸಂಗಾತಿಗಳೊಂದಿಗೆ ಬಂದಿದೆ ಎಂಬುದೇ ಕೊರತೆಯ ಗುರುತು. ಮಾತ್ರೆ ಕೊಟ್ಟ ಒಂದೆರಡು ವಾರಗಳಲ್ಲಿ ಇವಳ ಬಾಯಿ ಮಾಯಬೇಕು. ಮಾಯದಿದ್ದರೆ, ಕಣ್ಣ ರೆಪ್ಪೆಯ ಒಳಬದಿ ಬಿಳಚಿದ್ದರೆ, ರಕ್ತ ಪರೀಕ್ಷಿಸಬೇಕು. ಕಬ್ಬಿಣದ ಕೊರತೆಯೂ ಇದೇ ಬಿರುಕನ್ನು ತರುತ್ತದೆ, ಬಿ-ಕಾಂಪ್ಲೆಕ್ಸ್ ಮಾತ್ರೆಯಿಂದ ಅದು ತುಂಬುವುದಿಲ್ಲ. ಬಿರುಕು ಒಂದೇ ಕಡೆಯಿದ್ದು, ಮೊದಲು ಚುರುಚುರು ಎಂದು ಸಣ್ಣ ನೀರುಗುಳ್ಳೆಗಳ ಗೊಂಚಲು ಎದ್ದಿದ್ದರೆ ಅದು ಈ ಕಥೆಯೇ ಅಲ್ಲ. ಅದು ಹರ್ಪಿಸ್ ವೈರಾಣುವಿನ ಕೆಲಸ.

ಅಜ್ಜನ ನಾಲಿಗೆ ಚೆನ್ನಾಗಿದೆ. ಎರಡು ತಿಂಗಳು ಮಾತ್ರೆ ನುಂಗಿ ಮೂತ್ರ ಹಳದಿಯಾಯಿತೇ ಹೊರತು ಬಾಯಿ ವಾಸಿಯಾಗಲಿಲ್ಲ. ಅವರ ಕಟವಾಯಿಯಿಂದ ಗಲ್ಲದ ಕಡೆಗೆ ಆಳವಾದ ಗೆರೆ ಇಳಿದಿದೆ, ಅದು ಯಾವಾಗಲೂ ಒದ್ದೆ. ಹದಿನೈದು ವರ್ಷದ ಹಿಂದೆ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ತೆಗೆಸಿ ನೋಡಿದರೆ, ಮೇಲಿನ ಸೆಟ್ಟು ಮುಚ್ಚಿದಷ್ಟು ಜಾಗದಲ್ಲಿ ಅಂಗಳ ಕಡುಗೆಂಪಾಗಿದೆ, ನಕ್ಷೆ ಬರೆದ ಹಾಗೆ. ರಾತ್ರಿಯೂ ಅದನ್ನು ತೆಗೆದಿಡುವ ಅಭ್ಯಾಸವಿಲ್ಲ. ಹಲ್ಲು ಹೋದ ಮೇಲೆ ದವಡೆಯ ದಿಂಡು ವರ್ಷ ವರ್ಷಕ್ಕೂ ಸವೆಯುತ್ತದೆ, ಸೆಟ್ಟಿನ ಹಲ್ಲೂ ಸವೆಯುತ್ತದೆ. ಹಾಗಾಗಿ ಬಾಯಿ ಮುಚ್ಚಿದಾಗ ಗಲ್ಲ ಮೂಗಿನ ಹತ್ತಿರಕ್ಕೆ ಬರುತ್ತದೆ, ಮುಖದ ಕೆಳಭಾಗ ಮಡಚಿಕೊಳ್ಳುತ್ತದೆ, ಆ ಮಡಿಕೆಯೇ ಜೊಲ್ಲಿನ ಕಾಲುವೆಯಾಗುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ದಂತವೈದ್ಯ ಕಾಸನ್ ಮೊದಲಾದವರು ಸೆಟ್ಟಿನಡಿಯ ಕೆಂಪನ್ನೂ ಕಟವಾಯಿಯ ಬಿರುಕನ್ನೂ ಒಂದೇ ಕ್ಯಾಂಡಿಡಾದ ಎರಡು ವಿಳಾಸಗಳೆಂದು ತೋರಿಸಿದರು. ಆದ್ದರಿಂದ ಕಟವಾಯಿಗೆ ಮಾತ್ರ ಮುಲಾಮು ಹಚ್ಚಿದರೆ ಸಾಲದು. ಅದು ಮಾಯುತ್ತದೆ, ಸೆಟ್ಟಿನಡಿಯಿಂದ ಮತ್ತೆ ಬರುತ್ತದೆ.

ಅಜ್ಜನಿಗೆ ಬೇಕಾದದ್ದು ಬೇರೆ. ಸಕ್ಕರೆ ಕಾಯಿಲೆಯಿದೆಯೇ ಎಂದು ಒಮ್ಮೆ ನೋಡಿಸಬೇಕು. ರಾತ್ರಿ ಸೆಟ್ಟು ತೆಗೆದು ಉಜ್ಜಿ ತೊಳೆದು ವೈದ್ಯರು ಹೇಳಿದ ದ್ರಾವಣದಲ್ಲಿ ನೆನೆಹಾಕಬೇಕು. ಕ್ಯಾಂಡಿಡಾವನ್ನು ಕೊಲ್ಲುವ ಕ್ಲೋಟ್ರಿಮಜೋಲ್ ಅಥವಾ ಮೈಕೊನಜೋಲ್ ಮುಲಾಮನ್ನು ಕಟವಾಯಿಗೆ ಎರಡು ಮೂರು ವಾರ ಹಚ್ಚಬೇಕು, ಅಂಗಳಕ್ಕೂ ವೈದ್ಯರು ಔಷಧಿ ಕೊಡುತ್ತಾರೆ. ರಕ್ತ ತೆಳುವಾಗುವ ಮಾತ್ರೆ ವಾರ್ಫರಿನ್ ನುಂಗುತ್ತಿದ್ದರೆ ಅದನ್ನು ಮೊದಲೇ ಹೇಳಬೇಕು, ಮೈಕೊನಜೋಲ್ ಅದರ ಬಲವನ್ನು ಏರಿಸಿಬಿಡುತ್ತದೆ. ಬಿರುಕು ಕೂಡಿದ ಮೇಲೆ ವ್ಯಾಸಲೀನ್ ಆಗಲಿ ತುಪ್ಪವಾಗಲಿ ತೆಳ್ಳಗೆ ಸವರಿದರೆ ಜೊಲ್ಲು ಚರ್ಮಕ್ಕೆ ತಾಗದೆ ಜಾರಿಹೋಗುತ್ತದೆ. ಅಜ್ಜಿಯರು ಹಚ್ಚುತ್ತಿದ್ದ ಬೆಣ್ಣೆ ಮಾಡುತ್ತಿದ್ದ ಕೆಲಸವೂ ಇಷ್ಟೇ, ಇಷ್ಟೇ ಆದರೂ ಸಣ್ಣದಲ್ಲ.

ಕೊನೆಗೆ ದಂತವೈದ್ಯರು ಅವರನ್ನು ನೆಟ್ಟಗೆ ಕೂರಿಸಿ ಮೂಗಿನ ಮೇಲೊಂದು, ಗಲ್ಲದ ಮೇಲೊಂದು ಚುಕ್ಕಿ ಇಡುತ್ತಾರೆ. ತುಟಿ ಸಡಿಲ ಬಿಟ್ಟು ಸುಮ್ಮನೆ ಕೂತಾಗ ಎರಡು ಚುಕ್ಕಿಗಳ ನಡುವಿನ ದೂರವನ್ನೊಮ್ಮೆ, ಹಲ್ಲು ಕಚ್ಚಿದಾಗಿನ ದೂರವನ್ನೊಮ್ಮೆ ಅಳೆಯುತ್ತಾರೆ. ಎರಡಕ್ಕೂ ವ್ಯತ್ಯಾಸ ಎರಡರಿಂದ ನಾಲ್ಕು ಮಿಲಿಮೀಟರ್ ಇರಬೇಕಾದದ್ದು. ಅಜ್ಜನದು ಎಂಟೋ ಒಂಬತ್ತೋ ಬಂದರೆ, ಹೊಸ ಸೆಟ್ಟಿನಲ್ಲಿ ಆ ಎತ್ತರವನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ಕೊಡುತ್ತಾರೆ. ಆಗ ಗಲ್ಲ ಕೆಳಗಿಳಿಯುತ್ತದೆ, ಕಟವಾಯಿಯ ಮಡಿಕೆ ಬಿಚ್ಚಿಕೊಳ್ಳುತ್ತದೆ, ಅಲ್ಲಿ ಗಾಳಿಯಾಡುತ್ತದೆ.